ಮೂರು ಆರ್‌ಸಿ ಸೆಕ್ಷನ್‌ನ ಫೇಸ್ ಶಿಫ್ಟ್ ಆಸಿಲೇಟರ್: 29 ಎಂಬ ಗೇನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಸರ್ಕ್ಯೂಟ್ ಬಗ್ಗೆ ಮಾತು?

ಒಂದು ಇನ್ವರ್ಟಿಂಗ್ ಆಂಪ್ಲಿಫೈಯರ್. ಅದರ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮೂರು ಮೆಟ್ಟಿಲಿನ ಏಣಿ. ಒಂದೊಂದು ಮೆಟ್ಟಿಲಲ್ಲೂ ಒಂದು ಕೆಪಾಸಿಟರ್ ಸಾಲಾಗಿ ಬರುತ್ತದೆ, ಅದರ ನಂತರ ಒಂದು ರೆಸಿಸ್ಟರ್ ಗ್ರೌಂಡ್‌ಗೆ ಇಳಿಯುತ್ತದೆ. ಆಂಪ್ಲಿಫೈಯರ್ ಅಲೆಯನ್ನು 180 ಡಿಗ್ರಿ ತಿರುಗಿಸುತ್ತದೆ. ಏಣಿ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಮಾತ್ರ ಇನ್ನೊಂದು 180 ಡಿಗ್ರಿ ತಿರುಗಿಸುತ್ತದೆ. ಆ ಫ್ರೀಕ್ವೆನ್ಸಿಯ ಅಲೆ ಒಂದು ಸುತ್ತು ಹಾಕಿ ಬಂದಾಗ ತಾನು ಹೊರಟ ಫೇಸ್‌ನಲ್ಲೇ ಬಂದು ಸೇರುತ್ತದೆ. ಏಣಿಯಲ್ಲಿ ಕಳೆದುಕೊಂಡ ಎತ್ತರವನ್ನು ಆಂಪ್ಲಿಫೈಯರ್ ಪೂರ್ತಿ ತುಂಬಿಕೊಟ್ಟರೆ ಅಲೆ ತನ್ನಷ್ಟಕ್ಕೆ ತಾನೇ ನಡೆಯುತ್ತಲೇ ಇರುತ್ತದೆ.

ಎಲ್ಲ ಗಲಾಟೆಯೂ ಈ "ಪೂರ್ತಿ ತುಂಬಿಕೊಟ್ಟರೆ" ಎನ್ನುವಲ್ಲೇ ಇದೆ.

ಎರಡೇ ಸೆಕ್ಷನ್ ಸಾಕಾಗಲ್ವಾ?

ಸಾಕಾಗುವುದಿಲ್ಲ. ಒಂದು ಆರ್‌ಸಿ ಸೆಕ್ಷನ್ ಹೆಚ್ಚೆಂದರೆ 90 ಡಿಗ್ರಿ ತಿರುಗಿಸಬಲ್ಲದು. ಅದೂ ಫ್ರೀಕ್ವೆನ್ಸಿ ಸೊನ್ನೆಗೆ ಇಳಿದಾಗ ಮಾತ್ರ. ಎರಡು ಸೇರಿ 180 ಆಗಬೇಕಾದರೆ ಅಲ್ಲಿಗೇ ಹೋಗಬೇಕು. ಅಲ್ಲಿ ಏಣಿಯಿಂದ ಹೊರಗೆ ಬರುವ ಸಿಗ್ನಲ್ಲೂ ಸೊನ್ನೆ. ಎಷ್ಟು ಗೇನ್ ಕೊಟ್ಟರೂ ಪ್ರಯೋಜನವಿಲ್ಲ.

29 ಎಲ್ಲಿಂದ ಬಂತು? ಬಾಯಿಪಾಠ ಮಾಡಿದ್ದೇನೆ, ಆದರೆ ಗೊತ್ತಿಲ್ಲ.

ಪುಸ್ತಕಗಳಲ್ಲಿ ಮೂರು ಲೂಪ್ ಈಕ್ವೇಷನ್ ಬರೆದು ಡಿಟರ್ಮಿನೆಂಟ್ ಬಿಡಿಸುತ್ತಾರೆ. ಅಷ್ಟು ಕಷ್ಟ ಬೇಕಿಲ್ಲ. ಏಣಿಯ ಕೊನೆಯಿಂದ ಹಿಂದಕ್ಕೆ ನಡೆಯಿರಿ, ಅರ್ಧ ಪುಟದಲ್ಲಿ ಮುಗಿಯುತ್ತದೆ.

ಮೂರು ರೆಸಿಸ್ಟರ್‌ಗಳೂ ಒಂದೇ ಬೆಲೆ, ಮೂರು ಕೆಪಾಸಿಟರ್‌ಗಳೂ ಒಂದೇ ಬೆಲೆ ಎಂದುಕೊಳ್ಳೋಣ. ರೆಸಿಸ್ಟರ್‌ನ ಬೆಲೆಯನ್ನು 1 ಎಂದು ಇಟ್ಟುಕೊಂಡರೆ ಕೆಪಾಸಿಟರ್‌ನ ಇಂಪಿಡೆನ್ಸ್ -jx ಆಗುತ್ತದೆ. ಇಲ್ಲಿ x = 1/(2πfRC). ಕೊನೆಯ ರೆಸಿಸ್ಟರ್ ಮೇಲೆ 1 ವೋಲ್ಟ್ ಇದೆ ಎಂದು ಶುರು ಮಾಡಿ. ಅದರಲ್ಲಿ ಹರಿಯುವ ಕರೆಂಟೂ 1. ಅದೇ ಕರೆಂಟ್ ಮೂರನೇ ಕೆಪಾಸಿಟರ್‌ನಲ್ಲೂ ಹರಿಯುತ್ತದೆ. ಹಾಗಾಗಿ ಒಂದು ಮೆಟ್ಟಿಲು ಹಿಂದಿನ ವೋಲ್ಟೇಜ್ ಸಿಗುತ್ತದೆ. ಆ ವೋಲ್ಟೇಜ್‌ನಿಂದ ಎರಡನೇ ರೆಸಿಸ್ಟರ್‌ನ ಕರೆಂಟ್ ಸಿಗುತ್ತದೆ. ಹೀಗೇ ಕೂಡಿಸುತ್ತಾ ಹೋಗಿ:

```
V3  = 1
V2  = 1 - jx
V1  = 1 - x² - j3x
Vin = 1 - 5x² - j(6x - x³)
```

ಏಣಿ ಸರಿಯಾಗಿ 180 ಡಿಗ್ರಿ ತಿರುಗಿಸಬೇಕಾದರೆ Vin ನಲ್ಲಿ j ಇರುವ ಭಾಗ ಸೊನ್ನೆಯಾಗಬೇಕು. ಅಂದರೆ x² = 6. ಅದನ್ನು ಉಳಿದ ಭಾಗಕ್ಕೆ ಹಾಕಿದರೆ 1 - 30, ಅಂದರೆ -29. ಕೊನೆಯಲ್ಲಿ 1 ವೋಲ್ಟ್ ಬರಬೇಕಾದರೆ ತಲೆಯಲ್ಲಿ 29 ವೋಲ್ಟ್ ಕೊಡಬೇಕು, ಅದೂ ತಲೆಕೆಳಗಾಗಿ. ಫ್ರೀಕ್ವೆನ್ಸಿಯೂ ಅದೇ ಸಾಲಿನಿಂದ ಬಂತು:

```
f = 1 / (2π R C √6)
|A| ≥ 29
```

ಈ 29ರ ಹಿಂದೆ ಮೂರು ಷರತ್ತುಗಳಿವೆ. ಮೂರೂ ಸೆಕ್ಷನ್ ಒಂದೇ ಥರ ಇರಬೇಕು. ಏಣಿಯನ್ನು ನೂಕುವ ಔಟ್‌ಪುಟ್‌ಗೆ ತನ್ನದೇ ರೆಸಿಸ್ಟೆನ್ಸ್ ಇರಬಾರದು. ಏಣಿಯ ತುದಿಗೆ ಬೇರೆ ಯಾವ ಲೋಡೂ ಬೀಳಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಸಂಖ್ಯೆ ಬದಲಾಗುತ್ತದೆ. ಬ್ರೆಡ್‌ಬೋರ್ಡ್ ಮೇಲೆ ಸುಮ್ಮನೆ ಕೂತ ಆಸಿಲೇಟರ್‌ಗಳಲ್ಲಿ ಬಹಳಷ್ಟು ಕೂತಿರುವುದು ಇದೇ ಕಾರಣಕ್ಕೆ.

ಒಂದೊಂದು ಸೆಕ್ಷನ್ 60 ಡಿಗ್ರಿ ತಿರುಗಿಸುತ್ತದೆ ಎಂದು ಓದಿದ್ದೇನೆ. ನಿಜವಾ?

ಒಟ್ಟು 180 ಎನ್ನುವುದು ನಿಜ. ಸಮಪಾಲು ಎನ್ನುವುದು ನಿಜವಲ್ಲ. ಮೇಲಿನ ನಾಲ್ಕು ಸಾಲುಗಳಿಗೆ x = √6 ಹಾಕಿ ನೋಡಿ. ಆಂಪ್ಲಿಫೈಯರ್ ಕಡೆಯಿಂದ ಬಂದರೆ ಮೊದಲ ಸೆಕ್ಷನ್ 55.8 ಡಿಗ್ರಿ, ಎರಡನೆಯದು 56.4, ಮೂರನೆಯದು 67.8. ಕೊನೆಯದರ ಮುಂದೆ ಯಾರೂ ಇಲ್ಲ, ಅದಕ್ಕೆ ಲೋಡ್ ಇಲ್ಲ. ಹಾಗಾಗಿ ಅದು ಜಾಸ್ತಿ ತಿರುಗಿಸುತ್ತದೆ.

ಇದು ಬರೀ ವಾದಕ್ಕೆ ಹೇಳುವ ಮಾತಲ್ಲ, ಸ್ಕೋಪ್ ಹಿಡಿದಾಗ ಕೆಲಸಕ್ಕೆ ಬರುತ್ತದೆ. ಔಟ್‌ಪುಟ್ 10 ವೋಲ್ಟ್ ಪೀಕ್ ಇದ್ದರೆ ಮೊದಲ ಕೆಪಾಸಿಟರ್ ದಾಟಿದ ಮೇಲೆ ಸುಮಾರು 3.06 ವೋಲ್ಟ್, ಎರಡನೆಯದು ದಾಟಿದ ಮೇಲೆ 0.91, ಮೂರನೆಯದು ದಾಟಿದ ಮೇಲೆ 0.345 ಕಾಣಬೇಕು. ಎರಡನೇ ಜಾಗದಲ್ಲಿ 0.91 ಬದಲು 0.5 ಕಂಡರೆ ಆ ಸುತ್ತಿನಲ್ಲಿ ಒಂದು ಬೆಲೆ ತಪ್ಪಿದೆ ಎಂದೇ ಅರ್ಥ.

1 ಕಿಲೋಹರ್ಟ್ಸ್‌ಗೆ ಒಂದು ಡಿಸೈನ್ ಮಾಡಿ ತೋರಿಸಿ.

ಕೆಪಾಸಿಟರ್‌ನಿಂದ ಶುರು ಮಾಡಿ. ರೆಸಿಸ್ಟರ್‌ಗಳು ಹತ್ತಾರು ಬೆಲೆಗಳಲ್ಲಿ ಸಿಗುತ್ತವೆ, ಒಳ್ಳೆಯ ಕೆಪಾಸಿಟರ್‌ಗಳು ಕೆಲವೇ ಬೆಲೆಗಳಲ್ಲಿ. 10 ನ್ಯಾನೋಫ್ಯಾರಡ್ ತೆಗೆದುಕೊಳ್ಳೋಣ, ಮೈಮೇಲೆ 103 ಎಂದು ಬರೆದಿರುತ್ತದೆ. ಪಾಲಿಯೆಸ್ಟರ್ ಆಗಿರಲಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ "103 ಕೊಡಿ" ಅಂತಷ್ಟೇ ಕೇಳಿದರೆ ಸೆರಾಮಿಕ್ ಡಿಸ್ಕ್ ಕೈಗೆ ಬರುವುದುಂಟು. ಅಗ್ಗದ ಡಿಸ್ಕ್‌ಗಳಲ್ಲಿ ಬಿಸಿಲೇರಿದಂತೆ ಕೆಪಾಸಿಟೆನ್ಸ್ ಜಾರುತ್ತದೆ, ಅದರ ಜೊತೆ ಫ್ರೀಕ್ವೆನ್ಸಿಯೂ.

ಸೂತ್ರಕ್ಕೆ ಹಾಕಿದರೆ R = 6497 ಓಮ್. ಹತ್ತಿರದ ಸಾಮಾನ್ಯ ಬೆಲೆ 6.8 ಕಿಲೋ ಓಮ್. ಅದರಿಂದ ಫ್ರೀಕ್ವೆನ್ಸಿ 955 ಹರ್ಟ್ಸ್ ಆಗುತ್ತದೆ. ನಿಖರ 1000 ಬೇಕೇ ಬೇಕು ಎಂದರೆ 1 ಪರ್ಸೆಂಟ್ ಸರಣಿಯ 6.49 ಕಿಲೋ ಓಮ್ ಹುಡುಕಿ. ನಾವು 6.8ರಲ್ಲೇ ಮುಂದೆ ಹೋಗೋಣ.

ಇನ್ನು ಆಪ್-ಆಂಪ್. ಅದರ ಇನ್ವರ್ಟಿಂಗ್ ಪಿನ್ ವರ್ಚುವಲ್ ಗ್ರೌಂಡ್. ಹಾಗಾಗಿ ಮೂರನೇ ರೆಸಿಸ್ಟರ್‌ನ ಇನ್ನೊಂದು ತುದಿಯನ್ನು ಗ್ರೌಂಡ್‌ಗೆ ಕೊಡುವ ಬದಲು ನೇರವಾಗಿ ಈ ಪಿನ್‌ಗೇ ಕೊಡಿ. ಏಣಿಯ ಲೆಕ್ಕದಲ್ಲಿ ಅದು ಗ್ರೌಂಡ್‌ಗೇ ಹೋದಂತೆ. ಆಂಪ್ಲಿಫೈಯರ್‌ನ ಲೆಕ್ಕದಲ್ಲಿ ಅದೇ ಇನ್‌ಪುಟ್ ರೆಸಿಸ್ಟರ್. ಒಂದೇ ರೆಸಿಸ್ಟರ್, ಎರಡು ಕೆಲಸ. ಫೀಡ್‌ಬ್ಯಾಕ್ ರೆಸಿಸ್ಟರ್ Rf ಈಗ 29 × 6.8, ಅಂದರೆ 197.2 ಕಿಲೋ ಓಮ್. 180 ಕಿಲೋ ಓಮ್‌ನ ಜೊತೆ 47 ಕಿಲೋ ಓಮ್ ಪಾಟ್ ಸಾಲಾಗಿ ಹಾಕಿ. ಗೇನ್ 26.5ರಿಂದ 33.4ರವರೆಗೆ ಕೈಗೆ ಸಿಗುತ್ತದೆ. ಪಾಟ್ ಮೂರನೇ ಒಂದು ಭಾಗ ದಾಟುವ ಹೊತ್ತಿಗೆ ಅಲೆ ಹುಟ್ಟಬೇಕು.

ಸಪ್ಲೈ ±12 ವೋಲ್ಟ್. ನಾನ್-ಇನ್ವರ್ಟಿಂಗ್ ಪಿನ್ ಗ್ರೌಂಡ್‌ಗೆ. ಅಷ್ಟೇ.

ಗೇನ್ ಸರಿಯಾಗಿ 29 ಇಟ್ಟರೆ ಶುರು ಆಗುತ್ತಾ?

29 ಎನ್ನುವುದು ಇದ್ದ ಅಲೆಯನ್ನು ಹಾಗೇ ಉಳಿಸಿಕೊಳ್ಳುವ ಗೇನ್. ಸೊನ್ನೆಯಿಂದ ಬೆಳೆಸುವ ಗೇನ್ ಅಲ್ಲ. ಸರ್ಕ್ಯೂಟ್ ಆನ್ ಮಾಡಿದಾಗ ಇರುವುದು ಸಪ್ಲೈ ಏರಿದ ಧಕ್ಕೆ ಮತ್ತು ರೆಸಿಸ್ಟರ್‌ಗಳ ನಾಯ್ಸ್. ಅದು ಸುತ್ತು ಸುತ್ತಿಗೆ ದೊಡ್ಡದಾಗಬೇಕು. ಅದಕ್ಕೆ ಗೇನ್ 29ಕ್ಕಿಂತ ಸ್ವಲ್ಪ ಮೇಲಿರಬೇಕು.

ಎಷ್ಟು ಮೇಲೆ? ಲೂಪಿನ ಪೂರ್ತಿ ಈಕ್ವೇಷನ್ ಹೀಗಿದೆ. ಇಲ್ಲಿ y = 1/(sRC):

```
y³ + 5y² + 6y + (1 + A) = 0
A = 29:  (y + 5)(y² + 6) = 0
```

A 29 ಇದ್ದಾಗ ಅದು ಎಷ್ಟು ಚೆನ್ನಾಗಿ ಒಡೆಯುತ್ತದೆ ನೋಡಿ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. A ಅನ್ನು 30 ಮಾಡಿದರೆ ಅಲೆ ಪ್ರತಿ ಸುತ್ತಿಗೆ ಸುಮಾರು 4 ಪರ್ಸೆಂಟ್ ಬೆಳೆಯುತ್ತದೆ. 1 ಮಿಲಿವೋಲ್ಟ್‌ನಿಂದ 10 ವೋಲ್ಟ್‌ಗೆ ಬರಲು ಸುಮಾರು 225 ಸುತ್ತು ಬೇಕು. ನಮ್ಮ 955 ಹರ್ಟ್ಸ್‌ನಲ್ಲಿ ಅದು ಕಾಲು ಸೆಕೆಂಡು. A 32 ಆದರೆ ಸುತ್ತಿಗೆ 12–13 ಪರ್ಸೆಂಟ್, 80 ಮಿಲಿಸೆಕೆಂಡ್ ಸಾಕು. A 28 ಆದರೆ ಅದೇ 4 ಪರ್ಸೆಂಟ್ ಕೆಳಗೆ. ಆನ್ ಮಾಡಿದಾಗ ಒಂದು ಸಲ ರಿಂಗ್ ಆಗಿ ಕಾಲು ಸೆಕೆಂಡಲ್ಲಿ ಕರಗಿಹೋಗುತ್ತದೆ.

ಈ ಕರಗುವಿಕೆಯನ್ನು ಸ್ಕೋಪಿನಲ್ಲಿ ಸಿಂಗಲ್ ಶಾಟ್ ಇಟ್ಟು ಹಿಡಿದರೆ ಒಳ್ಳೆಯ ಸುಳಿವು ಸಿಗುತ್ತದೆ. ನಿಧಾನವಾಗಿ ಕರಗಿದರೆ ವೈರಿಂಗ್ ಸರಿ ಇದೆ, ಗೇನ್ ಮಾತ್ರ ಚೂರು ಕಡಿಮೆ. ರಿಂಗ್ ಆಗದೆಯೇ ಸತ್ತರೆ ಗೇನ್ ಬಹಳ ದೂರದಲ್ಲಿದೆ, ಇಲ್ಲವೇ ಲೂಪ್ ಎಲ್ಲೋ ತುಂಡಾಗಿದೆ.

ನಾನು ಸಾಮಾನ್ಯವಾಗಿ 5ರಿಂದ 8 ಪರ್ಸೆಂಟ್ ಹೆಚ್ಚು ಇಡುತ್ತೇನೆ. 5 ಪರ್ಸೆಂಟ್ ರೆಸಿಸ್ಟರ್ ಹಾಕಿದರೆ ಆ ಹೆಚ್ಚುವರಿಯನ್ನು ಟಾಲರೆನ್ಸೇ ತಿಂದುಹಾಕಬಹುದು. Rf 5 ಪರ್ಸೆಂಟ್ ಕೆಳಗೆ, ಇನ್‌ಪುಟ್ ರೆಸಿಸ್ಟರ್ 5 ಪರ್ಸೆಂಟ್ ಮೇಲೆ ಇದ್ದರೆ ಗೇನ್ ಹತ್ತಿರ ಹತ್ತಿರ 10 ಪರ್ಸೆಂಟ್ ಬೀಳುತ್ತದೆ. ಹಾಗಾಗಿ ಪಾಟ್ ಇರಲಿ, ಇಲ್ಲವೇ 1 ಪರ್ಸೆಂಟ್ ಮೆಟಲ್ ಫಿಲ್ಮ್ ಹಾಕಿ.

29ಕ್ಕಿಂತ ಜಾಸ್ತಿಯೇ ಕೊಟ್ಟಿದ್ದೇನೆ. ಆದರೂ ಶುರು ಆಗುತ್ತಿಲ್ಲ, ಯಾಕೆ?

ಮೊದಲು ಮೂರನೇ ಸೆಕ್ಷನ್ ನೋಡಿ. ಅಲ್ಲಿ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಇದ್ದು, ಅದೇ ಜಾಗದಿಂದ ಆಪ್-ಆಂಪ್‌ಗೆ ಇನ್ನೊಂದು ಇನ್‌ಪುಟ್ ರೆಸಿಸ್ಟರ್ ಹೋಗಿದೆಯಾ?

ಈ ಹಳ್ಳಕ್ಕೆ ನಾನೂ ಬಿದ್ದವನೇ. ಕಾಲೇಜಿನ ಲ್ಯಾಬ್‌ನಲ್ಲಿ ಮೂರು 6.8 ಕಿಲೋ ಓಮ್ ಗ್ರೌಂಡ್‌ಗೆ ಹಾಕಿ, ಇನ್‌ಪುಟ್‌ಗೂ ಒಂದು 6.8 ಹಾಕಿದ್ದೆ. ಡಬ್ಬದಲ್ಲಿ ಅದೇ ಇತ್ತು. Rf 220 ಕಿಲೋ ಓಮ್, ಗೇನ್ 32. ಸಾಕಲ್ವಾ? ಸ್ಕೋಪಿನಲ್ಲಿ ಗೆರೆ ಅಲುಗಲಿಲ್ಲ. ಮೂರು 741 ಆಪ್-ಆಂಪ್ ಬದಲಿಸಿದೆ. ಪಕ್ಕದ ಟೇಬಲ್‌ನ ಐಸಿಯನ್ನೂ ಕಿತ್ತು ತಂದೆ. ಕೊನೆಗೆ ಬೇಸರಕ್ಕೆ 1 ಮೆಗಾ ಓಮ್ ಪಾಟ್ ಹಾಕಿ ತಿರುಗಿಸುತ್ತಾ ಹೋದೆ. 270 ಕಿಲೋ ಓಮ್ ಹತ್ತಿರ ಬಂದಾಗ ಅಲೆ ದಿಢೀರನೆ ಎದ್ದಿತು. ಫ್ರೀಕ್ವೆನ್ಸಿ 955 ಬದಲು 1100 ಚಿಲ್ಲರೆ. ಐಸಿಗಳ ತಪ್ಪು ಏನೂ ಇರಲಿಲ್ಲ.

ಆ ಎರಡು 6.8 ಕಿಲೋ ಓಮ್‌ಗಳು ಏಣಿಗೆ ಪ್ಯಾರಲಲ್ ಆಗಿ ಕಾಣುತ್ತವೆ. ಮೂರನೇ ಸೆಕ್ಷನ್‌ನ ರೆಸಿಸ್ಟರ್ ಅರ್ಧಕ್ಕೆ ಇಳಿಯಿತು. ಮತ್ತೆ ಹಿಂದಿನಿಂದ ನಡೆದು ಲೆಕ್ಕ ಮಾಡಿ:

```
Vin = 1 - 9x² - j(9x - 2x³)
x² = 4.5  →  |A| = 39.5
f = 1 / (2π R C √4.5)
```

ಬೇಕಿದ್ದದ್ದು 39.5. ನನ್ನ ಪಾಟ್ 270ಕ್ಕೆ ಬಂದಾಗ ಗೇನ್ 39.7. ಫ್ರೀಕ್ವೆನ್ಸಿ ಲೆಕ್ಕದಲ್ಲಿ 1103. ಲೆಕ್ಕ ಮೊದಲೇ ಮಾಡಿದ್ದರೆ ಪಕ್ಕದ ಟೇಬಲ್‌ನವರ ಬೈಗುಳ ತಪ್ಪುತ್ತಿತ್ತು.

ಕೆಲವು ಪುಸ್ತಕಗಳಲ್ಲಿ ಇನ್‌ಪುಟ್ ರೆಸಿಸ್ಟರ್ ಬೇರೆಯಾಗಿಯೇ ಇರುತ್ತದೆ, ಆದರೆ ಅದು ಏಣಿಯ ರೆಸಿಸ್ಟರ್‌ಗಿಂತ 10 ಪಟ್ಟು ದೊಡ್ಡದಿರಬೇಕು ಎಂದು ಹೇಳಿರುತ್ತಾರೆ. ಆಗ ಬೇಕಾಗುವ ಗೇನ್ 29.9, ತೊಂದರೆಯಿಲ್ಲ. ಆದರೆ Rf 2 ಮೆಗಾ ಓಮ್ ದಾಟುತ್ತದೆ. ಒಂದೇ ರೆಸಿಸ್ಟರ್‌ನಿಂದ ಎರಡು ಕೆಲಸ ಮಾಡಿಸುವುದೇ ನನಗೆ ಇಷ್ಟ.

ಶುರು ಆಯಿತು, ಆದರೆ ಅಲೆಯ ತಲೆ ಚಪ್ಪಟೆಯಾಗಿದೆ.

ಗೇನ್ 29ಕ್ಕಿಂತ ಮೇಲಿರುವ ತನಕ ಅಲೆ ಬೆಳೆಯುತ್ತಲೇ ಇರುತ್ತದೆ. ಯಾರಾದರೂ ತಡೆಯಬೇಕು. ನೀವು ಏನೂ ಮಾಡದಿದ್ದರೆ ಸಪ್ಲೈ ತಡೆಯುತ್ತದೆ. ±12 ವೋಲ್ಟ್‌ನಲ್ಲಿ 741ರ ಔಟ್‌ಪುಟ್ ಸುಮಾರು ±10ಕ್ಕೆ ಬಡಿದು ಚಪ್ಪಟೆಯಾಗುತ್ತದೆ. ಪಾಟ್ ಇಳಿಸುತ್ತಾ ಬಂದರೆ ಚಪ್ಪಟೆ ಕಡಿಮೆಯಾಗುತ್ತದೆ, ಆದರೆ ಒಳ್ಳೆಯ ಸೈನ್ ಸಿಗುವ ಜಾಗವೂ ಅಲೆ ಸಾಯುವ ಜಾಗವೂ ಒಂದೇ ಕಡೆ ಇರುತ್ತವೆ. ಮಧ್ಯಾಹ್ನ ಸೆಟ್ ಮಾಡಿದ್ದು ಸಂಜೆಗೆ ನಿಂತುಹೋಗಿರುತ್ತದೆ.

ಇದಕ್ಕಿಂತ ಒಳ್ಳೆಯದು, ಅಲೆ ದೊಡ್ಡದಾದಂತೆ ಗೇನ್ ತಾನೇ ಇಳಿಯುವ ಹಾಗೆ ಮಾಡುವುದು. Rf ಅನ್ನು ಎರಡು ತುಂಡು ಮಾಡಿ, 180 ಕಿಲೋ ಓಮ್ ಮತ್ತು 33 ಕಿಲೋ ಓಮ್ ಸಾಲಾಗಿ. 33ರ ಮೇಲೆ ಎರಡು 1ಎನ್4148 ಡಯೋಡ್‌ಗಳನ್ನು ಒಂದಕ್ಕೊಂದು ಉಲ್ಟಾ ಮಾಡಿ ಪ್ಯಾರಲಲ್ ಆಗಿ ಹಾಕಿ. ಅಲೆ ಚಿಕ್ಕದಿರುವಾಗ ಡಯೋಡ್‌ಗಳು ಮಲಗಿರುತ್ತವೆ. ಗೇನ್ 213/6.8, ಅಂದರೆ 31.3. ಬೇಗ ಬೆಳೆಯುತ್ತದೆ. ಅಲೆ ದೊಡ್ಡದಾದಾಗ ಡಯೋಡ್‌ಗಳು 33ರ ಸುತ್ತ ಅಡ್ಡದಾರಿ ತೆರೆಯುತ್ತವೆ. ಪೂರ್ತಿ ತೆರೆದರೆ ಗೇನ್ 26.5ರ ಕಡೆಗೆ ಇಳಿಯುತ್ತದೆ. ಇವೆರಡರ ನಡುವೆ, ಸರಾಸರಿ 29 ಆಗುವ ಎತ್ತರದಲ್ಲಿ ಅಲೆ ನಿಲ್ಲುತ್ತದೆ. ಈ ಬೆಲೆಗಳಿಗೆ ಅದು ಸುಮಾರು 5–6 ವೋಲ್ಟ್ ಪೀಕ್. ಸಪ್ಲೈಗೆ ಬಡಿಯುವುದಿಲ್ಲ.

ಡಯೋಡ್‌ಗಳನ್ನು ಇಡೀ Rf ಮೇಲೆ ಹಾಕಬೇಡಿ. ಔಟ್‌ಪುಟ್ ಅರ್ಧ ವೋಲ್ಟಿಗೇ ನಿಂತುಬಿಡುತ್ತದೆ, ಆಕಾರವೂ ಕೆಡುತ್ತದೆ.

ಟ್ರಾನ್ಸಿಸ್ಟರ್ ಹಾಕಿದರೆ 29 ಅಲ್ಲ, 44.5 ಅಂತಾರೆ. ಇದೇನು ಬೇರೆ?

ಇಲ್ಲಿ ಎರಡು ಷರತ್ತು ಒಟ್ಟಿಗೇ ತಪ್ಪುತ್ತವೆ. ಕಲೆಕ್ಟರ್ ಏಣಿಯನ್ನು ನೇರವಾಗಿ ನೂಕುವುದಿಲ್ಲ, ಕಲೆಕ್ಟರ್ ರೆಸಿಸ್ಟರ್ Rc ಮೂಲಕ ನೂಕುತ್ತದೆ. ಏಣಿಯ ತುದಿಯಲ್ಲಿ ಬೇಸ್ ಕರೆಂಟ್ ಎಳೆಯುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ವೋಲ್ಟೇಜ್ ಗೇನ್ ಅಲ್ಲ, ಟ್ರಾನ್ಸಿಸ್ಟರ್‌ನ ಕರೆಂಟ್ ಗೇನ್ hfe. k = Rc/R ಎಂದಿಟ್ಟರೆ:

```
hfe ≥ 4k + 23 + 29/k
f = 1 / (2π R C √(6 + 4k))
```

ಮೊದಲ ಸಾಲು k = 2.69 ಇದ್ದಾಗ ಅತಿ ಕಡಿಮೆ, 44.5. ಅದು ಎಲ್ಲಕ್ಕಿಂತ ಅನುಕೂಲದ ಸ್ಥಿತಿ. ನಿಮ್ಮ k ಬೇರೆ ಇದ್ದರೆ ಜಾಸ್ತಿಯೇ ಬೇಕು. k = 1 ಆದರೆ 56.

ಒಂದು ಉದಾಹರಣೆ. ಬಿಸಿ547ಬಿ, ಸಪ್ಲೈ 12 ವೋಲ್ಟ್, ಕಲೆಕ್ಟರ್ ಕರೆಂಟ್ 1 ಮಿಲಿಆಂಪ್, Rc 5.6 ಕಿಲೋ ಓಮ್. hfe ಸುಮಾರು 200 ಎಂದುಕೊಂಡರೆ ಬೇಸ್‌ನಿಂದ ಒಳಗೆ ಕಾಣುವ ರೆಸಿಸ್ಟೆನ್ಸ್ ಸುಮಾರು 5 ಕಿಲೋ ಓಮ್. ಅದು ಮೂರನೇ ಸೆಕ್ಷನ್‌ನ ಭಾಗವೇ ಆಗುತ್ತದೆ. R 6.8 ಕಿಲೋ ಓಮ್ ಎಂದಿಟ್ಟರೆ ಮೂರನೇ ಕೆಪಾಸಿಟರ್‌ನಿಂದ ಬೇಸ್‌ಗೆ ಹೊರಗಿನಿಂದ ಹಾಕಬೇಕಾದದ್ದು 1.8 ಮಾತ್ರ. R ಅನ್ನು 5ಕ್ಕಿಂತ ಕಡಿಮೆ ಇಟ್ಟರೆ ಈ ಲೆಕ್ಕವೇ ನಿಲ್ಲುವುದಿಲ್ಲ. k ಈಗ 0.82, ಬೇಕಾದ hfe ಸುಮಾರು 62. ಬಿಸಿ547ಬಿ ಆರಾಮಾಗಿ ಕೊಡುತ್ತದೆ. 10 ನ್ಯಾನೋಫ್ಯಾರಡ್‌ಗೆ ಫ್ರೀಕ್ವೆನ್ಸಿ 768 ಹರ್ಟ್ಸ್.

√6ರ ಸೂತ್ರ 955 ಎಂದಿತ್ತು. ರೆಕಾರ್ಡ್ ಬುಕ್ಕಿನಲ್ಲಿ "ಥಿಯರಿ 955, ಪ್ರಾಕ್ಟಿಕಲ್ 770, ಕಾರಣ ಕಾಂಪೊನೆಂಟ್ ಟಾಲರೆನ್ಸ್" ಎಂದು ಬರೆಯುವವರು ಬಹಳ. ಟಾಲರೆನ್ಸ್ ಪಾಪ, ಏನೂ ಮಾಡಿಲ್ಲ. 4k ಬಿಟ್ಟುಹೋಗಿದೆ.

ಎಮಿಟರ್ ಬೈಪಾಸ್ ಕೆಪಾಸಿಟರ್ ಮರೆಯಬೇಡಿ. ಅದು ಇಲ್ಲದಿದ್ದರೆ ಗೇನ್ ಒಂದಂಕಿಗೆ ಇಳಿಯುತ್ತದೆ, ಅಲೆ ಹುಟ್ಟುವ ಮಾತೇ ಇಲ್ಲ. 10 ಮೈಕ್ರೋಫ್ಯಾರಡ್ ಕೂಡ ಇಲ್ಲಿ ಚಿಕ್ಕದು. 768 ಹರ್ಟ್ಸ್‌ನಲ್ಲಿ ಅದರ ಇಂಪಿಡೆನ್ಸ್ 21 ಓಮ್, ಟ್ರಾನ್ಸಿಸ್ಟರ್‌ನ ಒಳಗಿನ ಎಮಿಟರ್ ರೆಸಿಸ್ಟೆನ್ಸ್ 25 ಓಮ್. ಎರಡೂ ಸಮಸಮ. 100 ಮೈಕ್ರೋಫ್ಯಾರಡ್ ಹಾಕಿ.

29 ಬಹಳ ಆಯಿತು. ಕಡಿಮೆ ಗೇನ್‌ನಲ್ಲಿ ಆಗುವುದಿಲ್ಲವಾ?

ಆಗುತ್ತದೆ. ಒಂದು ಸೆಕ್ಷನ್ ಇನ್ನೊಂದಕ್ಕೆ ಲೋಡ್ ಆಗುವುದರಿಂದಲೇ ಇಷ್ಟು ಬೇಕಾಗಿದೆ. ಸೆಕ್ಷನ್‌ಗಳ ಮಧ್ಯೆ ಬಫರ್ ಹಾಕಿದರೆ ಪ್ರತಿಯೊಂದೂ ನಿಜವಾಗಿಯೂ 60 ಡಿಗ್ರಿ ತಿರುಗಿಸುತ್ತದೆ, ಪ್ರತಿಯೊಂದರಲ್ಲೂ ಸಿಗ್ನಲ್ ಅರ್ಧ ಆಗುತ್ತದೆ. ಗೇನ್ 2 × 2 × 2, ಅಂದರೆ 8 ಸಾಕು. ಫ್ರೀಕ್ವೆನ್ಸಿಯ ಸೂತ್ರದಲ್ಲಿ √6 ಜಾಗಕ್ಕೆ √3 ಬರುತ್ತದೆ. ನಾಲ್ಕು ಆಪ್-ಆಂಪ್ ಇರುವ ಒಂದೇ ಐಸಿ ಸಾಕು.

ಬಫರ್ ಇಲ್ಲದೆಯೂ ಹತ್ತಿರ ಬರಬಹುದು. ಮುಂದಿನ ಸೆಕ್ಷನ್ ಹಿಂದಿನದಕ್ಕೆ ಭಾರವಾಗದಂತೆ ಇಂಪಿಡೆನ್ಸ್ ಏರಿಸುತ್ತಾ ಹೋಗಿ. ರೆಸಿಸ್ಟರ್‌ಗಳು 1, 10, 100 ಕಿಲೋ ಓಮ್. ಕೆಪಾಸಿಟರ್‌ಗಳು 100, 10, 1 ನ್ಯಾನೋಫ್ಯಾರಡ್. ಮೂರರಲ್ಲೂ RC ಒಂದೇ. ಏರಿಕೆ n ಪಟ್ಟು ಇದ್ದರೆ:

```
|A| = (3 + 2/n + 1/n²)(3 + 2/n) - 1
f   = 1 / (2π R C √(3 + 2/n + 1/n²))
```

n = 1 ಹಾಕಿದರೆ ನಮ್ಮ ಹಳೆಯ 29. n = 3 ಆದರೆ 12.9. n = 10 ಆದರೆ 9.3. ಮೇಲಿನ ಬೆಲೆಗಳಿಗೆ ಫ್ರೀಕ್ವೆನ್ಸಿ 888 ಹರ್ಟ್ಸ್, Rf ಕನಿಷ್ಠ 927 ಕಿಲೋ ಓಮ್. ಡಬ್ಬದಲ್ಲಿರುವ 1 ಮೆಗಾ ಓಮ್ ಹಾಕಿದರೆ ಗೇನ್ 10, ಹೆಚ್ಚುವರಿ 8 ಪರ್ಸೆಂಟ್. ಅಳೆದು ಮಾಡಿದ ಹಾಗಿದೆ! ಆದರೆ ಕೊನೆಯ 1 ನ್ಯಾನೋಫ್ಯಾರಡ್ ಹತ್ತಿರ ಸ್ಕೋಪ್ ಪ್ರೋಬ್ ಅನ್ನು 1× ನಲ್ಲಿ ಇಟ್ಟು ಮುಟ್ಟಬೇಡಿ. ಪ್ರೋಬ್‌ನ ಕೇಬಲ್ಲೇ ನೂರು ಪಿಕೋಫ್ಯಾರಡ್ ಆಸುಪಾಸು ಇರುತ್ತದೆ. ನೀವು ಅಳೆಯಲು ಹೋದದ್ದೇ ಬದಲಾಗುತ್ತದೆ. 10× ಇಡಿ.

ಸಿಮ್ಯುಲೇಟರ್‌ನಲ್ಲಿ ನೇರ ಗೆರೆ ಬರುತ್ತದೆ. ಸರ್ಕ್ಯೂಟ್ ತಪ್ಪಾ?

ತಪ್ಪಿರಬೇಕೆಂದಿಲ್ಲ. ಟ್ರಾನ್ಸಿಯೆಂಟ್ ರನ್‌ನಲ್ಲಿ ಸ್ಪೈಸ್ ಸಾಮಾನ್ಯವಾಗಿ ರೆಸಿಸ್ಟರ್ ನಾಯ್ಸ್ ಸೇರಿಸುವುದಿಲ್ಲ. ಎಲ್ಲ ನೋಡ್‌ಗಳೂ ಸರಿಯಾಗಿ ಸೊನ್ನೆಯಲ್ಲಿ ಶುರುವಾಗುತ್ತವೆ, ಸೊನ್ನೆಯನ್ನು 30ರಿಂದ ಗುಣಿಸಿದರೂ ಸೊನ್ನೆಯೇ. ಒಂದು ಚಿಕ್ಕ ಧಕ್ಕೆ ಕೊಡಿ. `.ic` ಸಾಲು ಮಾಡುವುದು ಅದನ್ನೇ:

```
* RC phase shift
E1 out 0 0 inv 100k
C1 out a 10n
R1 a 0 6.8k
C2 a b 10n
R2 b 0 6.8k
C3 b c 10n
R3 c inv 6.8k
Rf out inv 204k
.ic V(a)=1m
.tran 5u 0.3 0 5u
.end
```

Rf 204k ಇದ್ದಾಗ ಗೇನ್ 30, ಅಲೆ ನಿಧಾನವಾಗಿ ಉಬ್ಬುವುದು ಕಾಣುತ್ತದೆ. 190k ಮಾಡಿ, ಕರಗುವುದು ಕಾಣುತ್ತದೆ. ಇಲ್ಲಿನ ಆಂಪ್ಲಿಫೈಯರ್‌ಗೆ ಸಪ್ಲೈ ಮಿತಿ ಇಲ್ಲ. 204kನಲ್ಲಿ ಜಾಸ್ತಿ ಹೊತ್ತು ಓಡಿಸಿದರೆ ಸಾವಿರ ವೋಲ್ಟೂ ದಾಟುತ್ತದೆ, ಗಾಬರಿಯಾಗಬೇಡಿ.

ಎಷ್ಟು ಫ್ರೀಕ್ವೆನ್ಸಿಯವರೆಗೆ ಹೋಗಬಹುದು?

741 ಆದರೆ ಕೆಲವು ಕಿಲೋಹರ್ಟ್ಸ್‌ಗೇ ನಿಲ್ಲಿಸಿ. ಅದರ ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 0.5 ವೋಲ್ಟ್. 10 ವೋಲ್ಟ್ ಪೀಕ್ ಅಲೆಗೆ ಅದು ಸುಮಾರು 8 ಕಿಲೋಹರ್ಟ್ಸ್‌ಗೆ ಸೋಲುತ್ತದೆ, ಸೈನ್ ತ್ರಿಕೋನವಾಗುತ್ತದೆ. ಅದಕ್ಕೂ ಮೊದಲೇ ಇನ್ನೊಂದು ತೊಂದರೆ ಶುರುವಾಗಿರುತ್ತದೆ. ಆಪ್-ಆಂಪ್ ತಾನೇ ಸ್ವಲ್ಪ ಫೇಸ್ ಹಿಂದೆ ಬೀಳುತ್ತದೆ. ಏಣಿ ಅದನ್ನೂ ಸರಿದೂಗಿಸಬೇಕು. ಅಂದರೆ 180ಕ್ಕಿಂತ ಜಾಸ್ತಿ ತಿರುಗಿಸಬೇಕು. ಅದಕ್ಕೆ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ, ಕೆಳಗಿಳಿದರೆ ಏಣಿಯ ನಷ್ಟ ಹೆಚ್ಚುತ್ತದೆ, 29 ಸಾಲದಾಗುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಓಡಿದ ಬೆಲೆಗಳಲ್ಲಿ ಕೆಪಾಸಿಟರ್ ಮಾತ್ರ ಹತ್ತನೇ ಒಂದು ಮಾಡಿದರೆ ಆಸಿಲೇಟರ್ ಮೌನವಾಗುವುದು ಇದಕ್ಕೇ. ಟಿಎಲ್071 ಹಾಕಿದರೆ ಉಸಿರಾಡಲು ಜಾಗ ಸಿಗುತ್ತದೆ.

ಒಂದು ಪಾಟ್ ಹಾಕಿ ಫ್ರೀಕ್ವೆನ್ಸಿ ಬದಲಿಸಬಹುದಾ?

ಹಾಕಬಹುದು, ಸುಖವಿಲ್ಲ. ಮೂರನೇ ರೆಸಿಸ್ಟರ್ ಅರ್ಧವಾದಾಗ ಏನಾಯಿತು ಎಂದು ಮೇಲೆ ನೋಡಿದಿರಿ. ಫ್ರೀಕ್ವೆನ್ಸಿ ಬದಲಾದದ್ದು 15 ಪರ್ಸೆಂಟ್, ಬೇಕಾದ ಗೇನ್ 29ರಿಂದ 39.5ಕ್ಕೆ ಹಾರಿತು. ಮೂರನ್ನೂ ಒಟ್ಟಿಗೆ ಬದಲಿಸಬೇಕು. ಅಷ್ಟು ಬೇಕಿದ್ದರೆ ವೀನ್ ಬ್ರಿಡ್ಜ್ ಮಾಡಿ, ಅಲ್ಲಿ ಎರಡು ಬದಲಿಸಿದರೆ ಸಾಕು, ಗೇನ್ 3 ಸಾಕು.

ಎಲ್ಲ ನೋಡಿದೆ, ಇನ್ನೂ ಓಡುತ್ತಿಲ್ಲ. ಏನು ಮಾಡಲಿ?

ಲೂಪ್ ಕತ್ತರಿಸಿ. ಆಪ್-ಆಂಪ್ ಔಟ್‌ಪುಟ್‌ನಿಂದ ಮೊದಲ ಕೆಪಾಸಿಟರ್‌ಗೆ ಹೋಗುವ ತಂತಿ ಕೀಳಿ. ಆ ಕೆಪಾಸಿಟರ್‌ಗೆ ಸಿಗ್ನಲ್ ಜನರೇಟರ್‌ನಿಂದ 1 ವೋಲ್ಟ್ ಸೈನ್ ಕೊಡಿ. ಸ್ಕೋಪಿನ ಒಂದು ಚಾನೆಲ್ ಜನರೇಟರ್ ಮೇಲೆ, ಇನ್ನೊಂದು ಆಪ್-ಆಂಪ್ ಔಟ್‌ಪುಟ್ ಮೇಲೆ. ಎಕ್ಸ್‌ವೈ ಮೋಡ್‌ಗೆ ಹಾಕಿ 955ರ ಆಚೀಚೆ ಫ್ರೀಕ್ವೆನ್ಸಿ ತಿರುಗಿಸಿ. ಮೊಟ್ಟೆಯಾಕಾರ ಒಂದು ಕಡೆ ಮಡಚಿಕೊಂಡು ಓರೆ ಗೆರೆಯಾಗುತ್ತದೆ. ಅದೇ ನಿಮ್ಮ ಫ್ರೀಕ್ವೆನ್ಸಿ. ಅಲ್ಲಿ ಔಟ್‌ಪುಟ್ 0.9 ವೋಲ್ಟ್ ಬಂದರೆ ಗೇನ್ 10 ಪರ್ಸೆಂಟ್ ಕಡಿಮೆ ಇದೆ, ಪಾಟ್ ತಿರುಗಿಸಿ. 1.05 ಬಂದರೆ ತಂತಿ ವಾಪಸ್ ಸಿಕ್ಕಿಸಿ, ಓಡುತ್ತದೆ. ಓರೆ ಗೆರೆಯೇ ಬರದೆ ಔಟ್‌ಪುಟ್ ಸಪ್ಲೈಗೆ ಅಂಟಿಕೊಂಡು ಕೂತಿದ್ದರೆ ಪ್ಲಸ್ ಮೈನಸ್ ಪಿನ್ ಅದಲುಬದಲಾಗಿದೆಯಾ ನೋಡಿ. 741ರಲ್ಲಿ ಮೈನಸ್ 2ನೇ ಪಿನ್, ಪ್ಲಸ್ 3ನೆಯದು.